ರಿಡಂಡೆನ್ಸಿ ಪತ್ರದಲ್ಲಿ ಕೊನೆಯ ದಿನಾಂಕ ಯಾಕೆ ಮುಖ್ಯ?

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ವಕೀಲ ಅಲ್ಲ, ಎಚ್‌ಆರ್ ಕೂಡ ಅಲ್ಲ. ಆದ್ರೆ ಕಳೆದ ಎರಡು ಮೂರು ವರ್ಷದಲ್ಲಿ ನಮ್ಮ ಕನ್ನಡದ ಗೆಳೆಯರು "ಇದನ್ನ ಒಮ್ಮೆ ಓದಪ್ಪಾ" ಅಂತ ಕಳಿಸಿದ ಟರ್ಮಿನೇಶನ್ ಪತ್ರಗಳನ್ನ ಸಾಕಷ್ಟು ಓದಿದೀನಿ. ಇವತ್ತು ಅದರಲ್ಲಿ ಒಂದೇ ಪತ್ರ ತಗೊಂಡು ಮಾತಾಡ್ತೀನಿ. ಗೆಳೆಯನ ಒಪ್ಪಿಗೆ ಇದೆ. ಕಂಪನಿ ಹೆಸರು ಬೇಡ.

ಗೆಳೆಯ ದಾವಣಗೆರೆಯವನು, ಕೆಲಸ ಹಿಂಜವಡಿಯಲ್ಲಿ. ಸೇರಿದ್ದು 2019ರ ಮಾರ್ಚ್ 4. ಪತ್ರ ಬಂದದ್ದು 2024ರ ಜನವರಿ 8, ಸೋಮವಾರ. ಅವನ ತಂಡ ನೋಡಿಕೊಳ್ತಿದ್ದ ಪ್ರಾಡಕ್ಟನ್ನೇ ಕಂಪನಿ ನಿಲ್ಲಿಸ್ತು. ಪತ್ರದಲ್ಲಿ ಕಾರಣ ಸ್ಪಷ್ಟವಾಗಿತ್ತು: ಈ ಪಾತ್ರ ಇನ್ನು ಸಂಸ್ಥೆಗೆ ಅಗತ್ಯವಿಲ್ಲ, ಇದು ನಿಮ್ಮ ಕೆಲಸದ ಗುಣಮಟ್ಟದ ಮೇಲಿನ ತೀರ್ಮಾನ ಅಲ್ಲ, ನಿಮಗೆ ಹೊಂದುವ ಬೇರೆ ಹುದ್ದೆ ಹುಡುಕಿದೆವು, ಸಿಗಲಿಲ್ಲ. ಓದೋಕೆ ತಣ್ಣಗಿದ್ರೂ ಈ ಮೂರು ಸಾಲು ಕಾಗದದ ಮೇಲೆ ಇರೋದು ಒಳ್ಳೇದು.

ಯಾಕೆ ಅಂದ್ರೆ, ಅದೇ ದಿನ ಎಚ್‌ಆರ್ ಫೋನ್‌ನಲ್ಲಿ ಬೇರೆ ಮಾತು ಹೇಳಿದ್ರು. "ಪೋರ್ಟಲ್‌ನಲ್ಲಿ ನೀವೇ ರಿಸೈನ್ ಹಾಕಿಬಿಡಿ, ಮುಂದೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ಗೆ ಚೆನ್ನಾಗಿ ಕಾಣುತ್ತೆ." ಇದನ್ನ ನೀವೂ ಕೇಳಿರ್ತೀರಿ. ಒಮ್ಮೆ ರಾಜೀನಾಮೆ ಹಾಕಿದ್ರೆ ದಾಖಲೆಯಲ್ಲಿ ನೀವೇ ಬಿಟ್ಟುಹೋದ ಹಾಗಾಯ್ತು. ಆಮೇಲೆ ಸೆವೆರೆನ್ಸ್ ಅನ್ನೋದು ಅವರ ಕೃಪೆ; ಜಾಯಿನಿಂಗ್ ಬೋನಸ್ ವಾಪಸ್ ಕೇಳೋ ಷರತ್ತು ಇದ್ರೆ ಅದೂ ತಲೆ ಎತ್ತುತ್ತೆ. ಗೆಳೆಯ ಒಂದೇ ಸಾಲಿನ ಮೇಲ್ ಕಳಿಸಿದ: "ಪತ್ರದಲ್ಲಿ ಹುದ್ದೆ ರದ್ದಾಗಿದೆ ಎಂದಿದೆ, ಹಾಗಾಗಿ ನಾನು ರಾಜೀನಾಮೆ ಸಲ್ಲಿಸುತ್ತಿಲ್ಲ." ಆ ಮಾತು ಅಲ್ಲಿಗೇ ನಿಂತಿತು.

ಈಗ ಲೆಕ್ಕಕ್ಕೆ ಬರೋಣ. ಅವನ ತಿಂಗಳ ಗ್ರಾಸ್ 1,50,000. ಅದರಲ್ಲಿ ಬೇಸಿಕ್ 70,000, ಎಚ್‌ಆರ್‌ಎ 28,000, ಉಳಿದದ್ದು ಸ್ಪೆಷಲ್ ಅಲೊವೆನ್ಸ್. ಪತ್ರದಲ್ಲಿ ಇದ್ದದ್ದು ಇಷ್ಟು: ಕೊನೆಯ ದಿನ ಜನವರಿ 12. ಎರಡು ತಿಂಗಳ ನೋಟಿಸ್ ಬದಲಿಗೆ ಹಣ, 3,00,000. ಸೆವೆರೆನ್ಸ್, ಪೂರ್ಣಗೊಂಡ ಪ್ರತಿ ವರ್ಷಕ್ಕೆ 15 ದಿನದ ಸಂಬಳ. ನಾಲ್ಕು ವರ್ಷ ಅಂದ್ರೆ 60 ದಿನ, ಬೇಸಿಕ್ ಮೇಲೆ ಹಾಕಿ 1,40,000. ಗ್ರಾಚ್ಯುಟಿ ಸೊನ್ನೆ, ಐದು ವರ್ಷ ಆಗಿಲ್ಲ ಅಂತ. ಒಟ್ಟು 4,40,000.

ಮೇಲ್ನೋಟಕ್ಕೆ ತಪ್ಪೇನೂ ಕಾಣಲ್ಲ. ಗೆಳೆಯನೂ "ಸರಿ ಇದೆ ಬಿಡು ಮಾರಾಯ, ಕೊಡ್ತಿದಾರಲ್ಲ" ಅಂದಿದ್ದ. ಆದ್ರೆ ಸೇರಿದ ದಿನಾಂಕ ಇನ್ನೊಮ್ಮೆ ನೋಡಿ. ಮಾರ್ಚ್ 4ಕ್ಕೆ ಅವನಿಗೆ ಐದು ವರ್ಷ ತುಂಬುತ್ತೆ. ಅವನ ಕಾಂಟ್ರ್ಯಾಕ್ಟ್‌ನಲ್ಲಿರೋ ನೋಟಿಸ್ ಎರಡು ತಿಂಗಳು. ನೋಟಿಸ್ ಅವಧಿ ಪೂರ್ತಿ ನಡೆದ್ರೆ ಕೊನೆಯ ದಿನ ಮಾರ್ಚ್ 8. ಅಂದ್ರೆ ಐದು ವರ್ಷ ದಾಟಿ ನಾಲ್ಕು ದಿನ ಹೆಚ್ಚೇ. ನೋಟಿಸ್ ಬದಲು ಹಣ ಕೊಟ್ರೆ ಸೇವೆ ಜನವರಿ 12ಕ್ಕೇ ಮುಗೀತು. ಹಣ ಎರಡು ತಿಂಗಳದ್ದೇ, ಆದ್ರೆ ಕ್ಯಾಲೆಂಡರ್ ಮುಂದೆ ಹೋಗಲ್ಲ.

ಅದಕ್ಕೆ ಅವನು ಕೇಳಿದ್ದು ಹೆಚ್ಚು ದುಡ್ಡಲ್ಲ. "ನೋಟಿಸ್ ಪೇ ಬೇಡ, ಮಾರ್ಚ್ 8ರವರೆಗೆ ಗಾರ್ಡನ್ ಲೀವ್ ಕೊಡಿ" ಅಂದ. ಗಾರ್ಡನ್ ಲೀವ್ ಅಂದ್ರೆ ಕೆಲಸ ಇಲ್ಲ, ಲಾಗಿನ್ ಇಲ್ಲ, ಆದ್ರೆ ಪೇರೋಲ್‌ನಲ್ಲಿ ಇರ್ತೀರಿ. ಗ್ರಾಚ್ಯುಟಿಗೆ ಆಗ ಸೂತ್ರ ಹೀಗೆ:

```
70,000 × 15 ÷ 26 × 5 = 2,01,923
```

26 ಯಾಕೆ ಅಂದ್ರೆ ತಿಂಗಳಿಗೆ ಭಾನುವಾರ ಬಿಟ್ಟು 26 ಕೆಲಸದ ದಿನ ಅಂತ ಕಾನೂನಿನ ಲೆಕ್ಕ. ನಿಮ್ಮ ಆಫರ್ ಲೆಟರ್‌ನ ಸಿಟಿಸಿ ಪಟ್ಟಿಯಲ್ಲಿ ಗ್ರಾಚ್ಯುಟಿ ಅಂತ ಬೇಸಿಕ್‌ನ 4.81% ಇರುತ್ತಲ್ಲ, ಅದು ಇದೇ ಸೂತ್ರದಿಂದ ಬಂದದ್ದು. ಸಿಟಿಸಿಯಲ್ಲಿ ಪ್ರತಿವರ್ಷ ನಿಮ್ಮದು ಅಂತ ತೋರಿಸಿ, ಎರಡು ತಿಂಗಳು ಬಾಕಿ ಇದ್ದಾಗ ಸೊನ್ನೆ ಅನ್ನೋದು ನನಗಂತೂ ಸರಿ ಕಾಣಲ್ಲ.

ಇಲ್ಲಿ ಒಬ್ಬರು ಕೇಳಬಹುದು, ನಾಲ್ಕು ವರ್ಷ 240 ದಿನ ಆದ್ರೆ ಸಾಕಲ್ವಾ ಅಂತ. ಮದ್ರಾಸ್ ಹೈಕೋರ್ಟ್ ಒಂದು ಪ್ರಕರಣದಲ್ಲಿ ಐದನೇ ವರ್ಷದಲ್ಲಿ 240 ದಿನ ಆಗಿದ್ರೆ ಅದನ್ನ ಪೂರ್ತಿ ವರ್ಷ ಅಂತ ಒಪ್ಪಿದೆ. ಕೆಲವು ಕಂಪನಿಗಳು ಅದರಂತೆ ಕೊಡ್ತವೆ. ಇವನ ಎಚ್‌ಆರ್ "ನಮ್ಮ ಪಾಲಿಸಿ ಪೂರ್ತಿ ಐದು" ಅಂದ್ರು. ಅಂಥ ವಾದಕ್ಕೆ ಕಂಟ್ರೋಲಿಂಗ್ ಅಥಾರಿಟಿ ಮುಂದೆ ಹೋಗಿ ಅರ್ಜಿ ಹಾಕಬೇಕಿತ್ತು, ತಿಂಗಳುಗಟ್ಟಲೆ ಕಾಯಬೇಕಿತ್ತು. ದಿನಾಂಕ ಬದಲಿಸೋದು ಒಂದು ಮೇಲ್‌ನ ಕೆಲಸ. ಸಹಿ ಹಾಕೋ ಮುಂಚೆ ಮಾತ್ರ.

ದಿನಾಂಕ ಬದಲಾದ ಕೂಡಲೇ ಸೆವೆರೆನ್ಸ್ ಕೂಡ ಐದು ವರ್ಷಕ್ಕೆ, ಅಂದ್ರೆ 75 ದಿನಕ್ಕೆ ಏರಿತು. ಉಳಿದ ಪ್ರಶ್ನೆ, ಸಂಬಳ ಅಂದ್ರೆ ಯಾವ ಸಂಬಳ? ಪತ್ರದಲ್ಲಿ ಬರೇ ಸಂಬಳ ಅಂತಿತ್ತು, ಬೇಸಿಕ್ ಅಂತ ಇರಲಿಲ್ಲ. ಈ 15 ದಿನದ ಅಳತೆ ಬಂದಿರೋದು 1947ರ ಕೈಗಾರಿಕಾ ವಿವಾದ ಕಾಯ್ದೆಯ ರಿಟ್ರೆಂಚ್‌ಮೆಂಟ್ ಪರಿಹಾರದಿಂದ. ಅಲ್ಲಿ ವೇತನ ಅಂದ್ರೆ ಬೇಸಿಕ್ ಒಂದೇ ಅಲ್ಲ, ಭತ್ಯೆಗಳೂ ಸೇರುತ್ತಿದ್ದವು. ಆ ಕಾಯ್ದೆ ವರ್ಕ್‌ಮನ್‌ಗೆ ಮಾತ್ರ ಅನ್ವಯವಾಗ್ತಿತ್ತು, ಎಂಜಿನಿಯರ್ ವರ್ಕ್‌ಮನ್ ಹೌದೋ ಅಲ್ವೋ ಅನ್ನೋದು ಮಾಡುವ ಕೆಲಸದ ಮೇಲೆ ನಿಂತಿತ್ತು, ಡೆಸಿಗ್ನೇಶನ್ ಮೇಲಲ್ಲ. ಇವನು ಆ ಜಗಳಕ್ಕೆ ಹೋಗಲಿಲ್ಲ. ಪತ್ರದ ಪದ ತೋರಿಸಿ ಗ್ರಾಸ್ ಕೇಳಿದ. ಕೊನೆಗೆ ಅವರು ಬೇಸಿಕ್ ಮತ್ತು ಎಚ್‌ಆರ್‌ಎಗೆ ಒಪ್ಪಿದ್ರು: 98,000ದ ಎರಡೂವರೆ ಪಟ್ಟು, 2,45,000. ಎಲ್ಲ ಸೇರಿ 7,46,923 ಆಯ್ತು. ಮೊದಲಿನದಕ್ಕಿಂತ 3,06,923 ಹೆಚ್ಚು. ಅದರಲ್ಲಿ ಬರೇ ದಿನಾಂಕದಿಂದ ಬಂದದ್ದೇ 2,36,923. ಬಾಕಿ ರಜೆಯ ಹಣ ಬೇರೆ, ಅದರಲ್ಲಿ ಗೊಂದಲ ಇರಲಿಲ್ಲ.

ಇದು 2024ರ ಲೆಕ್ಕ. 2025ರ ನವೆಂಬರ್ 21ರಿಂದ ಹೊಸ ಲೇಬರ್ ಕೋಡ್‌ಗಳು ಜಾರಿಯಾಗಿವೆ. ಅದರಲ್ಲಿ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದ್ರೆ ಮೀರಿದ ಭಾಗವೂ ವೇತನಕ್ಕೇ ಸೇರುತ್ತೆ. ಬೇಸಿಕ್ ಕಡಿಮೆ ಇಟ್ಟಿರೋರಿಗೆ ಗ್ರಾಚ್ಯುಟಿ ಹೆಚ್ಚಾಗುತ್ತೆ. ಪರ್ಮನೆಂಟ್ ನೌಕರರಿಗೆ ಐದು ವರ್ಷದ ಷರತ್ತು ಹಾಗೇ ಇದೆ, ಹಾಗಾಗಿ ದಿನಾಂಕದ ಮಾತೂ ಹಾಗೇ ಇದೆ. ತೆರಿಗೆ ಬಗ್ಗೆ ಒಂದೇ ಮಾತು: ಗ್ರಾಚ್ಯುಟಿಗೆ ಮಿತಿಯೊಳಗೆ ವಿನಾಯಿತಿ ಇದೆ, ಕಂಪನಿ ತನ್ನ ಇಷ್ಟದಿಂದ ಕೊಡೋ ಸೆವೆರೆನ್ಸ್ ಸಾಮಾನ್ಯವಾಗಿ ಸಂಬಳದ ಹಾಗೆ ತೆರಿಗೆಗೆ ಬರುತ್ತೆ. ಕೈಗೆ ಬರೋ ಮೊತ್ತವನ್ನ ಟಿಡಿಎಸ್ ಕಳೆದು ಅಂದಾಜು ಮಾಡಿ.

ಸಹಾಯ ಅಂತ ಪತ್ರದಲ್ಲಿ ಇನ್ನೂ ಎರಡಿತ್ತು. ಔಟ್‌ಪ್ಲೇಸ್‌ಮೆಂಟ್ ಸಂಸ್ಥೆಯಿಂದ ರೆಸ್ಯೂಮೆ ತಿದ್ದಿಸೋದು, ಕೌನ್ಸೆಲಿಂಗ್‌ಗೆ ಒಂದು ನಂಬರ್. ರೆಸ್ಯೂಮೆಗಿಂತ ಅವನಿಗೆ ಬೇಕಿದ್ದದ್ದು ಇನ್ಶೂರೆನ್ಸ್. ದಾವಣಗೆರೆಯಲ್ಲಿರೋ ಅಪ್ಪನಿಗೆ ಶುಗರ್, ಬಿಪಿ ಎರಡೂ, ಕಂಪನಿಯ ಗ್ರೂಪ್ ಪಾಲಿಸಿ ಬಿಟ್ರೆ ಬೇರೆ ಇಲ್ಲ. ಆ ಪಾಲಿಸಿ ಕೊನೆಯ ಕೆಲಸದ ದಿನಕ್ಕೆ ಮುಗಿಯುತ್ತೆ. ಜನವರಿ 12 ಆಗಿದ್ರೆ ಕೈಯಲ್ಲಿ ನಾಲ್ಕು ದಿನ. ಮಾರ್ಚ್ 8 ಆದ್ದರಿಂದ ಎರಡು ತಿಂಗಳು ಸಿಕ್ಕಿತು. ಗ್ರೂಪ್ ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗೋ ಅವಕಾಶ ಇದೆ, ಹಾಗೆ ಬದಲಾದ್ರೆ ಹಿಂದಿನ ವರ್ಷಗಳು ಹಳೇ ಕಾಯಿಲೆಯ ವೇಟಿಂಗ್ ಪೀರಿಯಡ್‌ಗೆ ಲೆಕ್ಕಕ್ಕೆ ಬರ್ತವೆ. ಆದ್ರೆ ಅರ್ಜಿಯನ್ನ ಕವರ್ ಮುಗಿಯೋ ಮುಂಚೆ, ಸಾಕಷ್ಟು ದಿನ ಇಟ್ಟುಕೊಂಡು ಕೊಡಬೇಕು. ಅವನು ಜನವರಿಯಲ್ಲೇ ಕೊಟ್ಟ. ಪ್ರೀಮಿಯಂ ದುಬಾರಿ ಬಿತ್ತು, ಆದ್ರೆ ಫೆಬ್ರವರಿ ಕೊನೆಗೆ ಅಪ್ಪನ ಹೆಸರಲ್ಲಿ ಪಾಲಿಸಿ ಬಂತು. ಪರಿಷ್ಕೃತ ಪತ್ರದಲ್ಲಿ ಹೊಸ ದಿನಾಂಕ, ಮೂರೂ ಮೊತ್ತ ಬರೆಸಿಕೊಂಡ ಮೇಲೇನೇ ಅವನು ಸೆಟಲ್‌ಮೆಂಟ್‌ಗೆ ಸಹಿ ಹಾಕಿದ್ದು.

ಪ್ರಶ್ನೆ ಇದ್ರೆ ಈಗ ಕೇಳಿ. ನಿಮ್ಮ ಪತ್ರ ಕೈಯಲ್ಲಿದ್ರೆ ಸೇರಿದ ದಿನ, ಕೊನೆಯ ದಿನ, ಬೇಸಿಕ್, ಈ ಮೂರನ್ನ ಮೊದಲು ಹೇಳಿ.