ಗಾಳಿಯ ಮುನ್ಸೂಚನೆಯಿಂದ ಮೆಗಾವಾಟ್‌ವರೆಗೆ

ನಾಳೆ ಗಾಳಿ ಎಷ್ಟು ಜೋರಾಗಿ ಬೀಸುತ್ತದೆ ಎಂದು ಹವಾಮಾನ ತಜ್ಞರು ಹೇಳಬಲ್ಲರು. ಆ ಗಾಳಿಯಿಂದ ಎಷ್ಟು ವಿದ್ಯುತ್ ಬರುತ್ತದೆ ಎಂಬುದು ಬೇರೆಯೇ ಲೆಕ್ಕ. ಆ ಲೆಕ್ಕಕ್ಕೆ ಗಟ್ಟಿಯಾದ ರೂಪ ಸಿಕ್ಕಿದ್ದು 1990ರ ದಶಕದಲ್ಲಿ, ಡೆನ್ಮಾರ್ಕ್‌ನಲ್ಲಿ.

ಹವಾಮಾನ ಮಾದರಿ ಹೇಳುವ ಗಾಳಿ ಹಲವು ಕಿಲೋಮೀಟರ್ ಅಗಲದ ಚೌಕವೊಂದರ ಸರಾಸರಿ. ಅಲ್ಲಿನ ರೀಸೋ ಪ್ರಯೋಗಾಲಯದ ಲಾರ್ಸ್ ಲ್ಯಾಂಡ್‌ಬರ್ಗ್ ಅದನ್ನು ಗಾಳಿಯಂತ್ರದ ಎತ್ತರಕ್ಕೆ ತಂದರು. ಸುತ್ತಲಿನ ಗುಡ್ಡ, ಮರಗಳ ಅಡ್ಡಿಯನ್ನೂ ಮುಂದಿನ ಯಂತ್ರ ಹಿಂದಿನದರ ಗಾಳಿ ಕಸಿಯುವುದನ್ನೂ ಲೆಕ್ಕಕ್ಕೆ ಹಿಡಿದರು. ಅದೇ ಕಾಲದಲ್ಲಿ ಡೆನ್ಮಾರ್ಕ್‌ನವರೇ ಆದ ಹೆನ್ರಿಕ್ ಮ್ಯಾಡ್ಸನ್ ಅವರ ತಂಡ ಬೇರೆ ದಾರಿ ಹಿಡಿಯಿತು. ನಿನ್ನೆ ಮೊನ್ನೆ ಹೇಳಿದ ಗಾಳಿಗೂ ನಿಜಕ್ಕೂ ಬಂದ ವಿದ್ಯುತ್ತಿಗೂ ಇರುವ ಸಂಬಂಧವನ್ನು ಅವರ ಗಣಿತ ತಾನೇ ತಿದ್ದಿಕೊಳ್ಳುತ್ತಾ ಹೋಗುತ್ತಿತ್ತು. ಇಂದು ಎರಡೂ ದಾರಿಗಳನ್ನು ಕೂಡಿಸಿಯೇ ಬಳಸುತ್ತಾರೆ.

ಇಷ್ಟೆಲ್ಲ ಕಷ್ಟ ಏಕೆಂದರೆ ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಸೆಕೆಂಡಿಗೆ 6 ಮೀಟರ್ ಎಂದುಕೊಂಡ ಗಾಳಿ 7 ಮೀಟರ್ ವೇಗದಲ್ಲಿ ಬೀಸಿದರೆ ಅದರ ಶಕ್ತಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಇನ್ನೊಂದು ತುದಿಯಲ್ಲಿ, ವೇಗ ಸುಮಾರು 25 ಮೀಟರ್ ದಾಟಿದರೆ ಬಹುತೇಕ ಯಂತ್ರಗಳು ತಮ್ಮ ರಕ್ಷಣೆಗಾಗಿ ನಿಂತುಬಿಡುತ್ತವೆ. 2005ರ ಜನವರಿ 8ರ ಬಿರುಗಾಳಿಗೆ ಡೆನ್ಮಾರ್ಕ್‌ನಲ್ಲಿ ಹೀಗೇ ಆಯಿತು: ಗಾಳಿ ಹೆಚ್ಚಿತು, ವಿದ್ಯುತ್ ಕುಸಿಯಿತು.

ಸೌರ ವಿದ್ಯುತ್ತಿನಲ್ಲಿ ತೊಡಕು ಮೋಡದ್ದು. ಜರ್ಮನಿಯ ಓಲ್ಡೆನ್‌ಬರ್ಗ್ ವಿಶ್ವವಿದ್ಯಾಲಯದವರು ಉಪಗ್ರಹದ ಒಂದರ ಹಿಂದೊಂದು ಚಿತ್ರಗಳನ್ನು ಹೋಲಿಸಿ, ಮೋಡ ಯಾವ ಕಡೆ ಸರಿಯುತ್ತಿದೆ ಎಂದು ಕಂಡುಕೊಂಡು ಅದನ್ನೇ ಮುಂದಕ್ಕೆ ಎಳೆದು ನೋಡಿದರು. ಕೆಲವು ಗಂಟೆಗಳ ಮಟ್ಟಿಗೆ ಇದು ನಡೆಯುತ್ತದೆ. ಆದರೆ ಮಧ್ಯಾಹ್ನ ನಿಂತ ಜಾಗದಲ್ಲೇ ಕಟ್ಟುವ ಮೋಡ ಹಿಂದಿನ ಚಿತ್ರದಲ್ಲಿ ಇರುವುದೇ ಇಲ್ಲ. ನಾಳಿನ ಅಂದಾಜಿಗೆ ಹವಾಮಾನ ಮಾದರಿಯೇ ಬೇಕು.

ನಮ್ಮಲ್ಲಿ ಈ ಅಂದಾಜಿಗೆ ದುಡ್ಡಿನ ಲೆಕ್ಕ ಸೇರಿದ್ದು 2015ರ ನಿಯಮಗಳಿಂದ. ದಿನವನ್ನು 15 ನಿಮಿಷದ 96 ಭಾಗ ಮಾಡಿ, ಪ್ರತಿ ಭಾಗಕ್ಕೂ ಎಷ್ಟು ವಿದ್ಯುತ್ ಕೊಡುತ್ತೇವೆ ಎಂದು ಗಾಳಿ, ಸೌರ ಘಟಕಗಳು ಮೊದಲೇ ತಿಳಿಸಬೇಕಾಯಿತು. ಕರ್ನಾಟಕದ ನಿಯಮದಲ್ಲಿ ಸಾಮರ್ಥ್ಯದ ಶೇ. 15ರವರೆಗಿನ ತಪ್ಪಿಗೆ ದಂಡವಿರಲಿಲ್ಲ. ಅದರಾಚೆ ಶೇ. 25ರವರೆಗೆ ಯೂನಿಟ್ಟಿಗೆ 50 ಪೈಸೆ. 100 ಮೆಗಾವಾಟ್‌ನ ಘಟಕ 60 ಕೊಡುತ್ತೇನೆಂದು 40 ಕೊಟ್ಟಿತು ಎನ್ನೋಣ. ತಪ್ಪು ಶೇ. 20. ವಿನಾಯಿತಿ ಕಳೆದು ಉಳಿದ 5 ಮೆಗಾವಾಟ್, 15 ನಿಮಿಷಕ್ಕೆ 1,250 ಯೂನಿಟ್. ದಂಡ 625 ರೂಪಾಯಿ, ಅದೂ ಒಂದೇ ಭಾಗಕ್ಕೆ.

ಅನೇಕ ಸಲ ಇಂಥ ತಪ್ಪು ಗಾಳಿಯ ಪ್ರಮಾಣದ್ದಲ್ಲ, ಹೊತ್ತಿನದ್ದು. ಬರುವ ಗಾಳಿ ಬಂದೇ ಬಂತು, ಒಂದು ಗಂಟೆ ತಡವಾಗಿ. ಇಡೀ ದಿನದ ಮೊತ್ತ ಸರಿಹೋದರೂ ಆ ಗಂಟೆಯ ನಾಲ್ಕು ಭಾಗಗಳೂ ತಪ್ಪುತ್ತವೆ. ಆದ್ದರಿಂದ ಮುನ್ಸೂಚನೆಯನ್ನು ದಿನದ ಮೊತ್ತದಿಂದ ಅಳೆಯಬಾರದು, ಪ್ರತಿ ಕಾಲು ಗಂಟೆಯಿಂದ ಅಳೆಯಬೇಕು.