‘ಡಿಯರ್’ ಆದಮೇಲೆ ಯಾವ ಹೆಸರು?

ಕೆಲಸ ಹುಡುಕುತ್ತಿರುವ ಕೇಳುಗರ ಪತ್ರಗಳಲ್ಲಿ ಒಂದೇ ಅಳುಕು ಮತ್ತೆ ಮತ್ತೆ ಕಾಣುತ್ತಿದೆ. ಕಂಪನಿಯವರಿಗೆ ಇಮೇಲ್ ಬರೆಯುವಾಗ ಹೆಸರು ಹಿಡಿದು ಕರೆದರೆ ಉದ್ಧಟತನವಾದೀತೇ? ‘ರೆಸ್ಪೆಕ್ಟೆಡ್ ಸರ್’ ಎಂದು ಬರೆದುಬಿಟ್ಟರೆ ಎಲ್ಲ ಕಡೆಗೂ ಸರಿಹೋದೀತೇ?

ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ: ಸರಿಹೋಗುವುದಿಲ್ಲ. ಸರ್ಕಾರಿ ಕಚೇರಿಗೆ, ವಿಶ್ವವಿದ್ಯಾಲಯಕ್ಕೆ, ಸಾರ್ವಜನಿಕ ವಲಯದ ಕಾರ್ಖಾನೆಗೆ ಬರೆಯುವಾಗ ‘ಸರ್’, ‘ಮೇಡಂ’ ಇರಲಿ, ಅಲ್ಲಿ ಅದೇ ರೂಢಿ. ಆದರೆ ಜಾಹೀರಾತಿನಲ್ಲಿ ಮಹಿಳೆಯ ಹೆಸರು ಸ್ಪಷ್ಟವಾಗಿ ಅಚ್ಚಾಗಿದ್ದರೂ ‘ರೆಸ್ಪೆಕ್ಟೆಡ್ ಸರ್’ ಎಂದೇ ಶುರುವಾಗುವ ಅರ್ಜಿಗಳನ್ನು ನಾನು ನೇಮಕಾತಿ ವಿಭಾಗದಲ್ಲಿದ್ದಾಗ ರಾಶಿಗಟ್ಟಲೆ ಓದಿದ್ದೇನೆ. ಅದರಲ್ಲಿ ಗೌರವ ಕಾಣುವುದಿಲ್ಲ. ಯಾರಿಗೆ ಬರೆಯುತ್ತಿದ್ದೇನೆಂದು ಈತ ನೋಡಿಯೇ ಇಲ್ಲ ಎಂಬುದು ಕಾಣುತ್ತದೆ.

ಇನ್ನು ಹೊರದೇಶದ ಮಾತು. ನಮ್ಮವರು ಅಲ್ಲಿ ಎಡವುವುದು ಹೆಚ್ಚಾಗಿ ಒಂದೇ ಕಡೆ: ‘ಮಿಸ್ಟರ್’ ಅನ್ನು ತಪ್ಪು ಹೆಸರಿಗೆ ಅಂಟಿಸುತ್ತಾರೆ. ಇದಕ್ಕೆ ಕಾರಣ ನಮ್ಮ ಹೆಸರಿನಲ್ಲೇ ಇದೆ. ಹಳೇ ಮೈಸೂರು ಕಡೆಯ ಕೆ. ಎನ್. ರಮೇಶ್ ಅವರ ಇನಿಷಿಯಲ್‌ಗಳು ಊರನ್ನೋ ತಂದೆಯನ್ನೋ ಹೇಳುತ್ತವೆ. ಕರೆಯಲು ಇರುವುದು ‘ರಮೇಶ್’ ಒಂದೇ. ಅವರನ್ನು ‘ಮಿಸ್ಟರ್ ರಮೇಶ್’ ಎಂದರೆ ಸರಿಯೇ. ಅದೇ ಅಭ್ಯಾಸದಲ್ಲಿ ಲಂಡನ್ನಿನ ಜಾನ್ ಸ್ಮಿತ್ ಅವರಿಗೆ ‘ಡಿಯರ್ ಮಿಸ್ಟರ್ ಜಾನ್’ ಎಂದು ಬರೆಯುತ್ತೇವೆ. ಅಲ್ಲಿ ‘ಮಿಸ್ಟರ್’ ಸೇರುವುದು ಸ್ಮಿತ್‌ಗೆ. ‘ಮಿಸ್ಟರ್ ಸ್ಮಿತ್’ ಎನ್ನಿ, ಇಲ್ಲವೇ ಬರೀ ‘ಜಾನ್’ ಎನ್ನಿ. ಎರಡನ್ನೂ ಬೆರೆಸಬೇಡಿ.

ಯಾವುದು ಸರ್‌ನೇಮ್ ಎಂದು ತಿಳಿಯುವುದು ಹೇಗೆ? ಇನ್‌ಬಾಕ್ಸಿನಲ್ಲಿ ‘ಮ್ಯೂಲರ್, ಅನ್ನಾ’ ಎಂದು ನಡುವೆ ಅಲ್ಪವಿರಾಮ ಇದ್ದರೆ ಮೊದಲಿನದು ಸರ್‌ನೇಮ್. ಫ್ರಾನ್ಸ್, ಜಪಾನ್, ಚೀನಾದವರು ಇಂಗ್ಲಿಷ್‌ನಲ್ಲಿ ಹೆಸರು ಬರೆಯುವಾಗ ಸರ್‌ನೇಮನ್ನು ಪೂರ್ತಿ ದೊಡ್ಡಕ್ಷರದಲ್ಲಿ ಹಾಕುವುದುಂಟು. ಗಂಡೋ ಹೆಣ್ಣೋ ಎಂಬ ಅನುಮಾನವಿದ್ದರೆ ಊಹಿಸಲು ಹೋಗಬೇಡಿ. ಆಂಡ್ರಿಯಾ ಎಂಬುದು ಜರ್ಮನಿಯಲ್ಲಿ ಹೆಂಗಸಿನ ಹೆಸರು, ಇಟಲಿಯಲ್ಲಿ ಗಂಡಸಿನದು. ‘ಡಿಯರ್’ ಹಾಕಿ ಪೂರ್ತಿ ಹೆಸರು ಬರೆಯಿರಿ. ಅದರಿಂದ ಯಾರಿಗೂ ನೋವಿಲ್ಲ.

ಈಗ ಒಂದು ಉದಾಹರಣೆ. ಹಾಸನದ ಸವಿತಾ ಎಂಬ ಎಂಜಿನಿಯರ್ ಜರ್ಮನಿಯ ಕಂಪನಿಯೊಂದಕ್ಕೆ ಇಂಗ್ಲಿಷಿನಲ್ಲಿ ಅರ್ಜಿ ಹಾಕುತ್ತಾಳೆ ಎಂದಿಟ್ಟುಕೊಳ್ಳಿ. ಜಾಹೀರಾತಿನಲ್ಲಿ ಇರುವ ಹೆಸರು ಡಾ. ಅನ್ನಾ ಮ್ಯೂಲರ್. ಜರ್ಮನಿಯಲ್ಲಿ ‘ಡಾಕ್ಟರ್’ ಪದವಿಯನ್ನು ಬಿಡಬಾರದು, ಆದ್ದರಿಂದ ಮೊದಲ ಮೇಲ್ ‘ಡಿಯರ್ ಡಾಕ್ಟರ್ ಮ್ಯೂಲರ್’. ಮದುವೆಯಾಗಿದೆಯೇ ಎಂದು ಹುಡುಕಿ ‘ಮಿಸೆಸ್’ ಹಾಕುವ ಗೋಜೇ ಬೇಡ. ಪದವಿ ಇಲ್ಲದಿದ್ದರೆ ‘ಮಿಜ಼್’ ಸಾಕು.

ಉತ್ತರ ಬರುತ್ತದೆ: ‘ಡಿಯರ್ ಸವಿತಾ’. ಇಲ್ಲಿ ಅವಸರಪಡಬೇಡಿ. ಅವರು ನಿಮ್ಮನ್ನು ಹೆಸರು ಹಿಡಿದು ಕರೆದಿದ್ದಾರೆ, ಅಷ್ಟೇ. ನೀವು ಅವರನ್ನು ಹಾಗೆ ಕರೆಯಬಹುದೇ ಎಂಬುದಕ್ಕೆ ಉತ್ತರ ಮೇಲ್‌ನ ತುದಿಯಲ್ಲಿದೆ. ಹುದ್ದೆ, ಫೋನ್ ನಂಬರು, ವಿಳಾಸ ಇರುವ ಸಾಲುಗಳು ತಾನಾಗಿಯೇ ಸೇರಿಕೊಳ್ಳುವಂಥವು, ಅವನ್ನು ಬಿಡಿ. ಅವುಗಳ ಮೇಲೆ, ‘ಬೆಸ್ಟ್ ರಿಗಾರ್ಡ್ಸ್’ ಕೆಳಗೆ, ಕೈಯಾರೆ ಟೈಪ್ ಮಾಡಿದ ಹೆಸರನ್ನು ನೋಡಿ. ‘ಅನ್ನಾ’ ಎಂದಷ್ಟೇ ಇದ್ದರೆ ಮುಂದಿನ ಮೇಲ್‌ನಲ್ಲಿ ‘ಡಿಯರ್ ಅನ್ನಾ’ ಎನ್ನಿ. ‘ಅನ್ನಾ ಮ್ಯೂಲರ್’ ಎಂದೋ ‘ಎ. ಮ್ಯೂಲರ್’ ಎಂದೋ ಇದ್ದರೆ ‘ಡಾಕ್ಟರ್ ಮ್ಯೂಲರ್’ ಎಂದೇ ಮುಂದುವರಿಸಿ. ಕೈಯಾರೆ ಬರೆದ ಹೆಸರೇ ಇಲ್ಲದಿದ್ದರೂ ಹಾಗೆಯೇ.

ಇನ್ನೊಮ್ಮೆ ಹೇಳುತ್ತೇನೆ. ಮೇಲಿನ ಸಾಲು ಅವರು ನಿಮ್ಮನ್ನು ಕರೆದ ಬಗೆ. ತಾವು ಹೇಗೆ ಕರೆಸಿಕೊಳ್ಳಲು ಇಷ್ಟಪಡುತ್ತಾರೆ ಎಂಬುದನ್ನು ಅವರು ಬರೆಯುವುದು ಕೆಳಗೆ. ಅಲ್ಲಿ ಅವರು ಕೊಟ್ಟ ಹೆಸರನ್ನೇ ಬಳಸಿ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೂ ಇದೇ ಉಪಾಯ ನಡೆಯುತ್ತದೆ. ‘ರಮೇಶ್’ ಎಂದು ಸಹಿ ಹಾಕಿದವರಿಗೆ ‘ಹಾಯ್ ರಮೇಶ್’ ಎಂದರೆ ಅವಮಾನವಲ್ಲ. ಹಿರಿಯರನ್ನು ಹೆಸರು ಹಿಡಿಯಬಾರದೆಂದು ಮನೆಯಲ್ಲಿ ಕಲಿತದ್ದನ್ನು ಅಲ್ಲಿಗೆ ಒಯ್ದು, ಅವರು ಕೊಟ್ಟ ಸಲಿಗೆಯನ್ನು ಮೇಲ್ ಮೇಲೆ ಮೇಲ್ ನಿರಾಕರಿಸುತ್ತ ಹೋದರೆ ಅವರಿಗೇ ಮುಜುಗರ.

ನಿಮ್ಮ ಮೇಲ್‌ನ ತುದಿಯನ್ನೂ ಇದೇ ಕಣ್ಣಿನಿಂದ ನೋಡಿಕೊಳ್ಳಿ. ‘ಎಚ್. ಎಸ್. ಸವಿತಾ’ ಎಂದು ಸಹಿ ಹಾಕಿದರೆ ಹೊರದೇಶದವರು ‘ಡಿಯರ್ ಎಚ್’ ಎಂದು ಬರೆದಾರು. ಕೊನೆಗೆ ‘ಸವಿತಾ’ ಎಂದಷ್ಟೇ ಹಾಕಿ, ಪೂರ್ತಿ ಹೆಸರು ಅದರ ಕೆಳಗಿರಲಿ.

ಕೊನೆಯದಾಗಿ, ಈ ಸಲಿಗೆ ಕೊಟ್ಟವರಿಗೆ ಮಾತ್ರ ಸಲ್ಲುತ್ತದೆ. ಸಂದರ್ಶನದಲ್ಲಿ ಅನ್ನಾ ಜೊತೆ ಅವರ ಮೇಲಧಿಕಾರಿ ಡಾ. ಸ್ಮಿಟ್ ಇದ್ದರೆ, ಧನ್ಯವಾದದ ಮೇಲ್‌ನಲ್ಲಿ ಅನ್ನಾ ಅನ್ನಾ ಆಗಿಯೇ ಇರಲಿ, ಸ್ಮಿಟ್ ಅವರು ಡಾಕ್ಟರ್ ಸ್ಮಿಟ್ ಆಗಿರಲಿ. ಅವರಿಬ್ಬರಿಗೂ ಬೇರೆ ಬೇರೆ ಮೇಲ್ ಕಳಿಸಿದರೆ ಸುಲಭ.