ಭಾನುವಾರದ ದುಡಿಮೆಗೆ ರಜೆಯೋ, ಡಬಲ್ ಸಂಬಳವೋ?

(ಸಿಂಗಪುರದ ಕನ್ನಡಿಗ ಗೆಳೆಯರ ತಿಂಗಳ ಭೇಟಿಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ವಕೀಲನಲ್ಲ, ಓದಿದ್ದು ಇಂಜಿನಿಯರಿಂಗ್. ಹೊಟ್ಟೆಪಾಡಿಗೆ ಹಾಜರಿ ಮತ್ತು ಸಂಬಳ ಲೆಕ್ಕ ಹಾಕುವ ಸಾಫ್ಟ್‌ವೇರ್ ಬರೆಯುತ್ತೇನೆ. ಹಾಗಾಗಿ ಇಲ್ಲಿನ ಎಂಪ್ಲಾಯ್‌ಮೆಂಟ್ ಆಕ್ಟ್‌ನ ಕೆಲವು ಸಾಲುಗಳನ್ನು ಓದಿ ಓದಿ ಬಾಯಿಪಾಠ ಆಗಿದೆ. ಆ ಬಾಯಿಪಾಠ ಮೊದಲ ಸಲ ಒಬ್ಬರ ಉಪಯೋಗಕ್ಕೆ ಬಂದದ್ದು ಹೋದ ವರ್ಷ. ಇವತ್ತು ಅದನ್ನೇ ಹೇಳುತ್ತೇನೆ.

ಹಾವೇರಿ ಕಡೆಯ ಹುಡುಗನೊಬ್ಬ ಇಲ್ಲಿ ಕಟ್ಟಡಗಳ ಏಸಿ ರಿಪೇರಿ ಮಾಡುತ್ತಾನೆ. ಹೆಸರು ಬೇಡ, ಕಂಪನಿಯ ಹೆಸರೂ ಬೇಡ. ಮೂಲ ಸಂಬಳ ತಿಂಗಳಿಗೆ 1,560 ಡಾಲರ್. ವಾರಕ್ಕೆ ಆರು ದಿನ ಕೆಲಸ, ಭಾನುವಾರ ರಜೆ. ಒಂದು ಸಂಜೆ ಊಟಕ್ಕೆ ಕೂತಾಗ, ತಿಂಗಳಿಗೆ ಎರಡು ಭಾನುವಾರ ಡ್ಯೂಟಿ ಇರುತ್ತೆ ಅಂದ. ಹಾಗಾದರೆ ಒಳ್ಳೆ ದುಡ್ಡು ಬರ್ತಿರಬೇಕಲ್ಲ ಅಂದೆ. "ದುಡ್ಡೇನಿಲ್ಲ ಅಣ್ಣಾ, ಕಾಂಪ್ ಆಫ್ ಕೊಡ್ತಾರ" ಅಂದ. ನಾನು ತಟ್ಟೆಯಿಂದ ತಲೆ ಎತ್ತಿದೆ. "ಯಾಕ, ರಜಾ ಕೊಟ್ಟಾರಲ್ಲ, ಮತ್ತೇನು ಕೇಳೋದು?" ಅಂತ ನನ್ನನ್ನೇ ಕೇಳಿದ.

ಅವನ ತಪ್ಪೇನಿಲ್ಲ ಬಿಡಿ. ಇಲ್ಲಿಗೆ ಬರುವ ಮುಂಚೆ ಅವನು ಪೀಣ್ಯದ ಒಂದು ಕಾರ್ಖಾನೆಯಲ್ಲಿದ್ದ. ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲಿ, ವಾರದ ರಜೆ ತಪ್ಪಿದವನಿಗೆ ಅದೇ ತಿಂಗಳಲ್ಲೋ ಮುಂದಿನ ಎರಡು ತಿಂಗಳೊಳಗೋ ಅಷ್ಟೇ ರಜೆ ಕೊಡಬೇಕು ಅಂತ ಇತ್ತು. 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯಲ್ಲೂ ಆ ಬದಲಿ ರಜೆ ಉಳಿದಿದೆ. ಊರಿನ ರೂಢಿಯನ್ನೇ ಅವನು ಇಲ್ಲಿಗೂ ಹೊತ್ತು ತಂದಿದ್ದ. ಇಲ್ಲಿನ ಕಾನೂನು ಬೇರೆ ಭಾಷೆ ಆಡುತ್ತದೆ.

ಇಲ್ಲಿ ವಾರದ ರಜೆಯ ದುಡಿಮೆಗೆ 37ನೇ ಸೆಕ್ಷನ್. ಅದು ಮಾತಾಡುವುದು ಹಣದ ಬಗ್ಗೆ. ಮಾಲೀಕನೇ ಕರೆದು ದುಡಿಸಿಕೊಂಡರೆ, ಮಾಮೂಲಿ ದಿನದ ಅರ್ಧ ಹೊತ್ತಿನವರೆಗಿನ ಕೆಲಸಕ್ಕೆ ಒಂದು ದಿನದ ಸಂಬಳ, ಅರ್ಧ ಹೊತ್ತು ದಾಟಿದರೆ ಎರಡು ದಿನದ ಸಂಬಳ. ಕೆಲಸಗಾರನೇ ಕೇಳಿಕೊಂಡು ಬಂದಿದ್ದರೆ ಇದರ ಅರ್ಧ, ಅಂದರೆ ಅರ್ಧ ದಿನದ್ದು ಅಥವಾ ಒಂದು ದಿನದ್ದು. ಹಣದ ಬದಲು ಇನ್ನೊಂದು ದಿನ ರಜೆ ಕೊಡುವ ದಾರಿ ಕಾಯ್ದೆಯಲ್ಲಿ ಇರುವುದು ದೀಪಾವಳಿ, ಚೀನೀ ಹೊಸ ವರ್ಷದಂಥ ಸಾರ್ವಜನಿಕ ರಜೆಗಳಿಗೆ. ಎಷ್ಟೋ ಎಚ್‌ಆರ್‌ಗಳು ಇವೆರಡನ್ನೂ ಕಲಸಿಬಿಡುತ್ತಾರೆ. ಬೇಕೆಂದೇ ಕಲಸುವವರೂ ಇದ್ದಾರೆ.

ಈಗ ಲೆಕ್ಕ. ಒಂದು ದಿನದ ಸಂಬಳ ಎಷ್ಟು? ನಮ್ಮಲ್ಲಿ ಬಹಳ ಜನ ತಿಂಗಳ ಸಂಬಳವನ್ನು 30ರಿಂದ ಭಾಗಿಸುತ್ತಾರೆ. ಆ ಹುಡುಗನೂ ಹಾಗೇ ಮಾಡಿ 52 ಡಾಲರ್ ಅಂದ. ಅದು ತಪ್ಪು. ಇಲ್ಲಿ ವಾರದ ರಜೆಗೆ ಸಂಬಳವಿಲ್ಲ, ತಿಂಗಳ ಸಂಬಳ ಅನ್ನುವುದು ದುಡಿಯುವ ದಿನಗಳದ್ದು ಮಾತ್ರ. ಹಾಗಾಗಿ ಭಾಗಿಸಬೇಕಾದ್ದು ದುಡಿಯುವ ದಿನಗಳಿಂದ. ಪ್ರೋಗ್ರಾಂನಲ್ಲಿ ನಾವು ಬರೆಯುವ ಸಾಲು ಇದು:

```
daily = 12 * basic / (52 * days_per_week)
```

ಅವನಿಗೆ ಹಾಕಿದರೆ 12 × 1,560 ಅಂದರೆ ವರ್ಷಕ್ಕೆ 18,720. ಅದನ್ನು 52 ವಾರ, ಆರು ದಿನ, ಅಂದರೆ 312ರಿಂದ ಭಾಗಿಸಿದರೆ ಸರಿಯಾಗಿ 60 ಡಾಲರ್. ಕಂಪನಿ ಕರೆದ ಪೂರ್ತಿ ಭಾನುವಾರಕ್ಕೆ ಅವನಿಗೆ ಬರಬೇಕಾದ್ದು 120. ಇದು ತಿಂಗಳ ಸಂಬಳದ ಮೇಲೆ, ಅದರ ಒಳಗಲ್ಲ. 30ರಿಂದ ಭಾಗಿಸಿಕೊಂಡು ಕೂತವನು 104 ಬಂದರೆ ಖುಷಿಪಟ್ಟು ಮನೆಗೆ ಹೋಗುತ್ತಾನೆ.

ಇನ್ನು ಕಾಂಪ್ ಆಫ್‌ನ ಬೆಲೆ. ಇಲ್ಲಿ ಸ್ವಲ್ಪ ನಿಧಾನವಾಗಿ ಬನ್ನಿ, ನನಗೂ ಮೊದಲು ಗೊಂದಲವಾಗಿತ್ತು. ಅವನು ಭಾನುವಾರ ದುಡಿದು ಬುಧವಾರ ರಜೆ ತೆಗೆದುಕೊಂಡ ಅಂತ ಇಟ್ಟುಕೊಳ್ಳಿ. ಆ ವಾರ ದುಡಿದದ್ದು ಆರು ದಿನ, ಸಿಕ್ಕಿದ್ದು ಆರು ದಿನದ ಸಂಬಳ. ಕೈಗೆ ಹೆಚ್ಚಿಗೆ ಒಂದು ಸೆಂಟ್ ಬರಲಿಲ್ಲ, ಒಂದು ದಿನದ ದುಡಿಮೆ ಉಳಿಯಿತು. ಉಳಿದ ದಿನದ ಬೆಲೆ 60. ಅದೇ ಬುಧವಾರವೂ ದುಡಿದಿದ್ದರೆ ಏಳು ದಿನ ದುಡಿದು ಎಂಟು ದಿನದ ಸಂಬಳ ಸಿಗುತ್ತಿತ್ತು. ಏಳನೆಯ ದಿನದ ದುಡಿಮೆ 120ಕ್ಕೆ ಮಾರಾಟವಾಗುತ್ತಿತ್ತು. ಅಂದರೆ ಸರಿಯಾಗಿ ಕೊಟ್ಟ ಕಾಂಪ್ ಆಫ್ ಕೂಡ ಡಬಲ್ ಸಂಬಳದ ಅರ್ಧ ಬೆಲೆಯದ್ದೇ.

ಸರಿಯಾಗಿ ಕೊಟ್ಟರೆ ಅಂದೆ. ಅವನ ಕಂಪನಿಯಲ್ಲಿ ಮೂರು ತಿಂಗಳೊಳಗೆ ತೆಗೆದುಕೊಳ್ಳದ ಕಾಂಪ್ ಆಫ್ ಲ್ಯಾಪ್ಸ್ ಆಗುತ್ತಿತ್ತು. ಲ್ಯಾಪ್ಸ್ ಆದ ಕಾಂಪ್ ಆಫ್‌ನ ಬೆಲೆ ಸೊನ್ನೆ. ಇನ್ನೊಂದು ಚಮತ್ಕಾರವೂ ಇತ್ತು, ನಾಲ್ಕು ಗಂಟೆ ದುಡಿದರೆ ಅರ್ಧ ದಿನದ ಕಾಂಪ್ ಆಫ್. ಕೇಳಲಿಕ್ಕೆ ನ್ಯಾಯವಾಗೇ ಇದೆ ಅಲ್ಲವೇ? ಅವನ ಮಾಮೂಲಿ ದಿನ 7 ಗಂಟೆ 20 ನಿಮಿಷದ್ದು, ಅದರ ಅರ್ಧ 3 ಗಂಟೆ 40 ನಿಮಿಷ. ನಾಲ್ಕು ಗಂಟೆ ಅಂದರೆ ಅರ್ಧ ದಾಟಿತು, ಕಾನೂನಿನಲ್ಲಿ ಎರಡು ದಿನದ ಸಂಬಳ, 120. ಕೈಗೆ ಸಿಕ್ಕಿದ್ದು 30 ಡಾಲರ್ ಬೆಲೆಯ ಅರ್ಧ ದಿನ. ಅದಕ್ಕೇ ಭಾನುವಾರ ಬಂದ ಹೊತ್ತು, ಹೋದ ಹೊತ್ತನ್ನು ನಿಮಿಷ ಸಮೇತ ಬರೆದಿಟ್ಟುಕೊಳ್ಳಿ ಅಂತ ಹೇಳುತ್ತಿರುತ್ತೇನೆ. ಆ ಇಪ್ಪತ್ತು ನಿಮಿಷಕ್ಕೆ 60 ಡಾಲರ್ ಬೆಲೆ.

ನಾವಿಬ್ಬರೂ ಕೂತು ಅವನ ಫೋನಿನಲ್ಲಿದ್ದ ಸೂಪರ್‌ವೈಸರ್ ಮೆಸೇಜುಗಳನ್ನು ಒಂದೊಂದೇ ನೋಡುತ್ತಾ ಪಟ್ಟಿ ಮಾಡಿದೆವು. ಹತ್ತು ತಿಂಗಳಲ್ಲಿ ಇಪ್ಪತ್ತು ಭಾನುವಾರ, ಎಲ್ಲವೂ ಅರ್ಧ ದಿನ ದಾಟಿದ್ದವೇ. ಹನ್ನೆರಡಕ್ಕೆ ಒಂದೊಂದು ದಿನ ಕಾಂಪ್ ಆಫ್ ಸಿಕ್ಕಿತ್ತು. ಎಂಟಕ್ಕೆ ಏನೂ ಇಲ್ಲ, ನಾಲ್ಕು ಗಂಟೆಯವು ಕೂಡ ಅದರಲ್ಲೇ ಸೇರಿ ಲ್ಯಾಪ್ಸ್ ಆಗಿದ್ದವು. ಬರಬೇಕಿದ್ದದ್ದು 20 × 120, ಅಂದರೆ 2,400. ಬಂದದ್ದು 12 × 60, ಅಂದರೆ 720 ಬೆಲೆಯ ರಜೆ. ವ್ಯತ್ಯಾಸ 1,680 ಡಾಲರ್. ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು! ಅವನು ಆ ಅಂಕಿಯನ್ನೇ ನೋಡುತ್ತಾ ಕೂತ. ಊರಲ್ಲಿ ಇವನನ್ನು ಇಲ್ಲಿಗೆ ಕಳಿಸಲು ಮಾಡಿದ ಸಾಲ ಇನ್ನೂ ತೀರಿರಲಿಲ್ಲ.

ಮೆಸೇಜುಗಳಿಗೆ ಇನ್ನೊಂದು ಬೆಲೆಯೂ ಇತ್ತು. ಕಂಪನಿಯ ಭಾನುವಾರದ ಫಾರಂನ ಮೇಲೆ "ನಾನಾಗಿಯೇ ರಜೆಯ ದಿನ ಕೆಲಸ ಕೋರುತ್ತೇನೆ" ಅನ್ನುವ ಅರ್ಥದ ಒಂದು ಸಾಲು ಅಚ್ಚಾಗಿತ್ತು. ಹುಡುಗರು ಓದದೆ ಸಹಿ ಹಾಕುತ್ತಿದ್ದರು. ಆ ಒಂದು ಸಾಲು 120ನ್ನು 60 ಮಾಡುತ್ತದೆ. ಆದರೆ ಶನಿವಾರ ರಾತ್ರಿ ಒಂಬತ್ತಕ್ಕೆ "ನಾಳೆ ಎಂಟಕ್ಕೆ ಬಾ" ಅಂತ ಸೂಪರ್‌ವೈಸರ್ ಕಳಿಸಿದ ಮೆಸೇಜ್, ಯಾರು ಯಾರನ್ನು ಕೇಳಿಕೊಂಡರು ಅನ್ನುವುದನ್ನು ಆ ಫಾರಂಗಿಂತ ಚೆನ್ನಾಗಿ ಹೇಳುತ್ತದೆ. ಅಂಥ ಮೆಸೇಜ್ ಅಳಿಸಬೇಡಿ.

ಎಚ್‌ಆರ್ ಬಳಿ ಹೋದಾಗ ಮೊದಲ ಉತ್ತರ, "ಕಾಂಪ್ ಆಫ್ ನಿನ್ನ ಕಾಂಟ್ರಾಕ್ಟ್‌ನಲ್ಲೇ ಇದೆ, ನೀನೇ ಒಪ್ಪಿದ್ದೀಯ." ಇದಕ್ಕೂ ಕಾಯ್ದೆಯಲ್ಲಿ ಜವಾಬಿದೆ. ಕಾಯ್ದೆ ಕೊಡುವುದಕ್ಕಿಂತ ಕಡಿಮೆ ಕೊಡುವ ಷರತ್ತು ಕಾಂಟ್ರಾಕ್ಟ್‌ನಲ್ಲಿದ್ದರೆ ಅದು ಅಷ್ಟರಮಟ್ಟಿಗೆ ನಿಲ್ಲುವುದಿಲ್ಲ, ಅದು 8ನೇ ಸೆಕ್ಷನ್. ಎರಡನೆಯ ಉತ್ತರ ಸ್ವಲ್ಪ ಗಟ್ಟಿಯಾಗಿತ್ತು: "ಭಾನುವಾರವೇ ವಾರದ ರಜೆ ಆಗಿರಬೇಕು ಅಂತ ಎಲ್ಲಿದೆ? ಬುಧವಾರವನ್ನೇ ರಜೆ ಮಾಡಿದ್ದೆವು." ನಿಜ, ವಾರದ ರಜೆ ಯಾವ ದಿನ ಅಂತ ಮಾಲೀಕ ಗೊತ್ತು ಮಾಡಬಹುದು. ಹಾಗೆ ಮಾಡಿದ್ದರೆ ಭಾನುವಾರದ ಕೆಲಸ ಮಾಮೂಲಿ ಕೆಲಸ, ಹೆಚ್ಚಿಗೆ ಏನೂ ಇಲ್ಲ. ಆದರೆ ದಿನ ಬದಲಾಗುತ್ತಾ ಇದ್ದರೆ ರೋಸ್ಟರ್ ತಿಂಗಳು ಶುರುವಾಗುವ ಮೊದಲೇ ತಯಾರಾಗಿ ಕೆಲಸಗಾರನಿಗೆ ತಿಳಿದಿರಬೇಕು. ಶನಿವಾರ ರಾತ್ರಿಯ ಮೆಸೇಜು ರೋಸ್ಟರ್ ಆಗುವುದಿಲ್ಲ. ನೋಡಿ, ಭಾನುವಾರ ದುಡಿದು ಬುಧವಾರ ಮಲಗಿದ್ದು ಎರಡು ಕಡೆಯೂ ಒಂದೇ. ತಿಂಗಳ ಮೊದಲೇ ಗೊತ್ತಾಗಿದ್ದರೆ ಬೆಲೆ ಸೊನ್ನೆ, ಹಿಂದಿನ ರಾತ್ರಿ ಗೊತ್ತಾದರೆ 120.

ಸಾಫ್ಟ್‌ವೇರ್ ಬರೆಯುವವನಾಗಿ ಒಂದು ತಪ್ಪೊಪ್ಪಿಗೆ. ನಮ್ಮ ಪ್ರೋಗ್ರಾಂನಲ್ಲೂ ಹಳೆಯ ತಾರೀಕಿನ ರೋಸ್ಟರನ್ನು ತಿದ್ದಲು ಮೊದಲು ಯಾವ ತಡೆಯೂ ಇರಲಿಲ್ಲ. ಯಾರಾದರೂ ಸೋಮವಾರ ಕೂತು ಹಿಂದಿನ ಭಾನುವಾರವನ್ನು "ಕೆಲಸದ ದಿನ" ಅಂತ ಮಾಡಿದರೆ 120 ಮಾಯ. ಈಗ ತಿದ್ದಿದವರ ಹೆಸರು, ತಾರೀಕು ಉಳಿಯುತ್ತದೆ. ಈ ಹುಡುಗನ ಕೇಸ್ ನೋಡಿದ ಮೇಲೆ ಹಾಕಿಸಿದ್ದು.

ಮಾತು ಮುಂದುವರಿಯದಿದ್ದರೆ ದೂರು ಕೊಡಲು ಇಲ್ಲಿ ಟ್ಯಾಡೆಮ್ ಇದೆ, TADM ಅಂತ ಬರೆಯುತ್ತಾರೆ. ಮೊದಲು ರಾಜಿ ಮಾತುಕತೆ, ಅದಾಗದಿದ್ದರೆ ಎಂಪ್ಲಾಯ್‌ಮೆಂಟ್ ಕ್ಲೇಮ್ಸ್ ಟ್ರಿಬ್ಯೂನಲ್. ಕೆಲಸದಲ್ಲಿರುವಾಗ ಒಂದು ವರ್ಷದೊಳಗಿನದ್ದನ್ನು ಕೇಳಬಹುದು, ಕೆಲಸ ಬಿಟ್ಟರೆ ಆರು ತಿಂಗಳೊಳಗೆ ಹೋಗಬೇಕು. "ನೋಡೋಣ" ಅಂತ ಕೂತರೆ ಹಳೆಯ ಭಾನುವಾರಗಳು ಒಂದೊಂದಾಗಿ ಕೈತಪ್ಪುತ್ತವೆ.

ಒಂದು ಮಾತು ನಮಗೆ, ಈ ಹಾಲಿನಲ್ಲಿ ಕೂತಿರುವ ಐಟಿಯವರಿಗೆ. ಈ 37ನೇ ಸೆಕ್ಷನ್ ಇರುವ ನಾಲ್ಕನೇ ಭಾಗ ಎಲ್ಲರಿಗೂ ಅನ್ವಯಿಸುವುದಿಲ್ಲ. ಮೈಮುರಿದು ದುಡಿಯುವವರಿಗೆ ಮೂಲ ಸಂಬಳ 4,500 ಡಾಲರ್‌ವರೆಗೆ, ಬೇರೆ ನೌಕರರಿಗೆ 2,600ರವರೆಗೆ. ಮ್ಯಾನೇಜರ್, ಎಕ್ಸಿಕ್ಯುಟಿವ್‌ಗಳಿಗೆ ಇಲ್ಲವೇ ಇಲ್ಲ. ರಿಲೀಸ್ ಅಂತ ಶನಿವಾರ ಭಾನುವಾರ ಆಫೀಸಿನಲ್ಲಿ ಮಲಗುವ ನಮಗೆ ಸಿಗುವುದು ಕಾಂಟ್ರಾಕ್ಟ್‌ನಲ್ಲಿ ಬರೆದಷ್ಟೇ. ನನ್ನ ಕಾಂಟ್ರಾಕ್ಟ್‌ನಲ್ಲಿ "ಮ್ಯಾನೇಜರ್ ಒಪ್ಪಿದರೆ ಕಾಂಪ್ ಆಫ್" ಅಂತಿದೆ. ಸಂಬಳ ಲೆಕ್ಕದ ಸಾಫ್ಟ್‌ವೇರ್ ಬರೆಯುವವನ ಕಾಂಟ್ರಾಕ್ಟ್ ಇದು!

ಹುಡುಗನ ಕಥೆ ಹೀಗೆ ಮುಗಿಯಿತು. ಪಟ್ಟಿ, ಮೆಸೇಜುಗಳ ಪ್ರಿಂಟು, ಪೇ ಸ್ಲಿಪ್ಪುಗಳನ್ನು ಮುಂದಿಟ್ಟ ಮೇಲೆ ಕಂಪನಿ ಟ್ಯಾಡೆಮ್‌ವರೆಗೆ ಹೋಗಲು ಮನಸ್ಸು ಮಾಡಲಿಲ್ಲ. ರಜೆಯೂ ಸಿಗದ ಎಂಟು ಭಾನುವಾರಕ್ಕೆ 960 ಡಾಲರ್ ಮುಂದಿನ ಸಂಬಳದಲ್ಲಿ ಹಾಕಿತು. ಉಳಿದ ಹನ್ನೆರಡರ 720 ಕೂಡ ಬಿಡಬೇಡ ಅಂತ ನಾನು ಒತ್ತಾಯ ಮಾಡಿದೆ. ಅವನು ಕೇಳಲಿಲ್ಲ. "ಅದರಾಗ ಒಂದು ರಜಾದಾಗ ತಂಗಿ ನಿಶ್ಚಿತಾರ್ಥ ಪೂರ್ತಿ ಫೋನಿನ್ಯಾಗ ನೋಡೇನಿ ಅಣ್ಣಾ, ಅದನ್ನ ಹ್ಯಾಂಗ ವಾಪಸ್ ಕೇಳ್ಲಿ" ಅಂದ. ಆ ರಜೆಯ 60 ಡಾಲರ್ ಅದರಲ್ಲಿ ಕಳೆದೇ ಇದೆ, ಕೇಳುತ್ತಿರುವುದು ಮಿಕ್ಕ 60 ಅಂತ ಎರಡು ಸಲ ಬಿಡಿಸಿ ಹೇಳಿದೆ. ಅವನಿಗೆ ಅರ್ಥವಾಗದೆ ಏನಲ್ಲ, ಕಂಪನಿಯಲ್ಲಿ ಇನ್ನೂ ಒಂದು ವರ್ಷ ಇರಬೇಕಿತ್ತು. ಈಗ ಭಾನುವಾರದ ಡ್ಯೂಟಿ ಬಂದರೆ ಪೇ ಸ್ಲಿಪ್ಪಿನಲ್ಲಿ 120 ಬೇರೆ ಸಾಲಾಗಿ ಬರುತ್ತಿದೆ. ಪ್ರತಿ ತಿಂಗಳೂ ಅದರ ಫೋಟೋ ತೆಗೆದು ನನಗೆ ಕಳಿಸುತ್ತಾನೆ.